ಗೊತ್ತಿರಲಿಲ್ಲ ಎಂಬ ಮಾತಿಗೆ ಸಾಕ್ಷಿ

ಕಂಪನಿಯೊಂದರ ವಂಚನೆ ಬಯಲಾದ ಮೇಲೆ ಅದರ ಆಡಿಟರನ್ನು ಎಲ್ಲರೂ ಕೇಳುವ ಪ್ರಶ್ನೆ ಒಂದೇ: ನಿಮಗೆ ಗೊತ್ತಿತ್ತೋ ಇಲ್ಲವೋ? ಗೊತ್ತಿತ್ತು ಎಂದರೆ ಶಾಮೀಲು; ಗೊತ್ತಿರಲಿಲ್ಲ ಎಂದರೆ, ಮತ್ತೆ ಸಹಿ ಹಾಕಿದ್ದು ಯಾಕೆ ಎಂಬ ಮರುಪ್ರಶ್ನೆ. ಕಾನೂನು ಮಾತ್ರ ಇವೆರಡರ ನಡುವೆ ಇಕ್ಕಟ್ಟಾದ ಒಂದು ಜಾಗವನ್ನು ಉಳಿಸಿಕೊಟ್ಟಿದೆ. ನನಗೆ ಗೊತ್ತಿರಲಿಲ್ಲ, ಆದರೆ ಗೊತ್ತುಮಾಡಿಕೊಳ್ಳಲು ನನ್ನಂಥ ಒಬ್ಬ ಆಡಿಟರ್ ಮಾಡಬೇಕಾದ್ದನ್ನೆಲ್ಲ ಮಾಡಿದ್ದೆ ಎಂದು ಹೇಳುವವನಿಗೆ ಅಲ್ಲಿ ಆಸರೆ ಇದೆ. ಆ ಮಾತನ್ನು ಹೇಳುವುದು ಸುಲಭ. ಐದು ವರ್ಷ ಕಳೆದು, ಕೆಲಸ ಮಾಡಿದ ಆರ್ಟಿಕಲ್ ಹುಡುಗರೆಲ್ಲ ಬಿಟ್ಟುಹೋಗಿ, ಎದುರು ಪಕ್ಷದ ವಕೀಲರು ಫೈಲು ಬಿಡಿಸಿಕೊಂಡು ಕೂತಾಗ ಅದನ್ನು ರುಜುವಾತು ಮಾಡುವುದು ಬೇರೆ ಮಾತು.

ಈ ಜಾಗದ ಗಡಿ ಎಲ್ಲಿ ಎನ್ನುವುದಕ್ಕೆ ಇಂಗ್ಲೆಂಡಿನ ಎರಡು ಹಳೆಯ ತೀರ್ಪುಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. 1896ರ ಕಿಂಗ್‌ಸ್ಟನ್ ಕಾಟನ್ ಮಿಲ್ ಪ್ರಕರಣದಲ್ಲಿ ಮಿಲ್ಲಿನ ಮ್ಯಾನೇಜರು ವರ್ಷಾನುಗಟ್ಟಲೆ ದಾಸ್ತಾನನ್ನು ಹೆಚ್ಚಿಸಿ ತೋರಿಸಿದ್ದ. ಆಡಿಟರುಗಳು ಅವನು ಸಹಿಮಾಡಿ ಕೊಟ್ಟ ಪಟ್ಟಿಯನ್ನೇ ನಂಬಿದರು. ವರ್ಷದ ಆರಂಭದ ದಾಸ್ತಾನಿಗೆ ಖರೀದಿ ಕೂಡಿಸಿ, ಮಾರಾಟ ಕಳೆದು ನೋಡಿದ್ದರೂ ಸಾಕಿತ್ತು, ಲೆಕ್ಕ ತಾಳೆಯಾಗುತ್ತಿರಲಿಲ್ಲ. ಆದರೂ ಮೇಲ್ಮನವಿ ನ್ಯಾಯಾಲಯ ಅವರನ್ನು ಹೊಣೆಯಿಂದ ಬಿಟ್ಟಿತು. ಆಡಿಟರ್ ಕಾವಲು ನಾಯಿಯೇ ಹೊರತು ಬೇಟೆ ನಾಯಿಯಲ್ಲ ಎಂದು ನಮ್ಮ ವೃತ್ತಿಯವರು ಇಂದಿಗೂ ಉರುಹೊಡೆಯುವ ಮಾತು ಆ ತೀರ್ಪಿನದು. ಅದನ್ನು ಉದ್ಧರಿಸುವವರು ಸಾಮಾನ್ಯವಾಗಿ ಬಿಟ್ಟುಬಿಡುವ ಅಂಶವೆಂದರೆ, ಸಂಶಯಪಡಲು ಕಾರಣವೇ ಇಲ್ಲದಿದ್ದಾಗ ಎಂಬ ಷರತ್ತು ಆ ಮಾತಿನ ಜೊತೆಗೇ ಇತ್ತು.

ಎಪ್ಪತ್ತು ವರ್ಷದ ಮೇಲೆ, 1967ರಲ್ಲಿ, ಥಾಮಸ್ ಜೆರಾರ್ಡ್ ಎಂಬ ಇನ್ನೊಂದು ಹತ್ತಿ ಕಂಪನಿಯ ಪ್ರಕರಣ ಬಂತು. ಅಲ್ಲಿಯೂ ದಾಸ್ತಾನಿನಲ್ಲಿ ಮೋಸವಿತ್ತು, ಅಲ್ಲಿಯೂ ಆಡಿಟರುಗಳು ಆಡಳಿತದವರ ಮಾತು ನಂಬಿದ್ದರು. ವ್ಯತ್ಯಾಸ ಒಂದೇ. ಖರೀದಿ ಬಿಲ್ಲುಗಳಲ್ಲಿ ತಾರೀಖು ತಿದ್ದಿದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಏನಿದು ಎಂದು ಕೇಳಿದರು, ವ್ಯವಸ್ಥಾಪಕ ನಿರ್ದೇಶಕ ಏನೋ ಒಂದು ಸಮಜಾಯಿಷಿ ಕೊಟ್ಟ, ಸರಿ ಎಂದು ಮುಂದೆ ಹೋದರು. ಬಿಲ್ಲು ಕೊಟ್ಟ ವ್ಯಾಪಾರಿಗೆ ಒಂದು ಪತ್ರ ಬರೆಯಲಿಲ್ಲ. ನ್ಯಾಯಾಲಯ ಅವರನ್ನು ನಿರ್ಲಕ್ಷ್ಯಕ್ಕೆ ಹೊಣೆ ಮಾಡಿತು. ಕಾಲ ಬದಲಾದ ಹಾಗೆ ಆಡಿಟರಿನಿಂದ ನಿರೀಕ್ಷಿಸುವ ಎಚ್ಚರವೂ ಹೆಚ್ಚಿದೆ ಎಂದಿತು.

ನನಗೆ ಇದರಲ್ಲಿ ಕಾಡುವ ಸಂಗತಿ ಇದು. ಎರಡನೆಯವರು ಮೊದಲಿನವರಿಗಿಂತ ಹೆಚ್ಚೇ ಕೆಲಸ ಮಾಡಿದ್ದರು. ಮೊದಲಿನವರು ಏನನ್ನೂ ನೋಡಲಿಲ್ಲ, ಬಚಾವಾದರು. ಎರಡನೆಯವರು ನೋಡಿದರು, ಕೇಳಿದರು, ಸಿಕ್ಕಿಬಿದ್ದರು. ಹಾಗಾದರೆ ಕಣ್ಣುಮುಚ್ಚಿಕೊಂಡಿರುವುದೇ ಕ್ಷೇಮವೇ? ಹಿರಿಯ ಆಡಿಟರುಗಳ ಬಾಯಲ್ಲಿ ಇಂಥ ಬುದ್ಧಿವಾದ ಕೇಳಿದವರು ಕಡಿಮೆಯೇನಿಲ್ಲ: ಅನುಮಾನ ಬಂದದ್ದನ್ನೆಲ್ಲ ಫೈಲಿನಲ್ಲಿ ಬರೆಯಬೇಡ, ನಾಳೆ ಅದೇ ನಿನ್ನ ಕುತ್ತಿಗೆಗೆ ಬರುತ್ತದೆ.

ಇವತ್ತಿನ ಕಾನೂನು ಆ ದಾರಿಯನ್ನು ಮುಚ್ಚಿದೆ. 2013ರ ಕಂಪನಿ ಕಾಯ್ದೆಯ 143ನೇ ಕಲಮು ಆಡಿಟಿಂಗ್ ಮಾನದಂಡಗಳನ್ನು ಪಾಲಿಸುವುದನ್ನು ಆಡಿಟರಿನ ಕರ್ತವ್ಯವಾಗಿಸಿದೆ. ಆ ಮಾನದಂಡಗಳಲ್ಲಿ 240ನೆಯದು, ಆಡಳಿತದವರು ಎಷ್ಟೇ ಪ್ರಾಮಾಣಿಕರೆಂದು ಹಿಂದಿನ ಅನುಭವ ಹೇಳಿದರೂ, ಪ್ರತಿ ವರ್ಷ ಸಂಶಯದ ದೃಷ್ಟಿಯಿಂದಲೇ ಕೆಲಸ ಶುರುಮಾಡಬೇಕು ಎನ್ನುತ್ತದೆ. ಸಂಶಯ ಬರದೇ ಇದ್ದದ್ದು ಈಗ ಸಮರ್ಥನೆಯಲ್ಲ. ಅದೇ ಒಂದು ಲೋಪ. ಶಿಕ್ಷೆ ಹೇಳುವ 147ನೇ ಕಲಮು ತನ್ನ ಮೆಟ್ಟಿಲುಗಳನ್ನು ಕಟ್ಟಿರುವುದೂ ಈ ತಿಳಿವಿನ ಮೇಲೆಯೇ. ಬರಿಯ ಉಲ್ಲಂಘನೆಗೆ ದಂಡ. ಗೊತ್ತಿದ್ದೂ ಮೋಸಮಾಡುವ ಉದ್ದೇಶದಿಂದ ಮಾಡಿದ್ದರೆ ಒಂದು ವರ್ಷದವರೆಗೆ ಸೆರೆ. ತಪ್ಪಿತಸ್ಥನೆಂದು ತೀರ್ಮಾನವಾದರೆ ಪಡೆದ ಸಂಭಾವನೆ ವಾಪಸು ಕೊಡುವುದಲ್ಲದೆ, ತಪ್ಪು ವರದಿಯಿಂದ ಕಂಪನಿಗೆ, ಷೇರುದಾರರಿಗೆ, ಸಾಲ ಕೊಟ್ಟವರಿಗೆ ಆದ ನಷ್ಟವನ್ನೂ ತುಂಬಬೇಕಾಗುತ್ತದೆ. ಇದರ ಹೊರಗೆ ಸಿವಿಲ್ ದಾವೆ ಬೇರೆ, ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆಯ ಶಿಸ್ತು ಕ್ರಮ ಬೇರೆ, 2018ರಲ್ಲಿ ಬಂದ ರಾಷ್ಟ್ರೀಯ ಹಣಕಾಸು ವರದಿ ಪ್ರಾಧಿಕಾರ, ಅಂದರೆ ಎನ್‌ಎಫ್‌ಆರ್‌ಎ ವಿಚಾರಣೆ ಬೇರೆ.

ಒಬ್ಬ ಮನುಷ್ಯನ ಮನಸ್ಸಿನಲ್ಲಿ ಏನಿತ್ತು ಎಂಬುದರ ಮೇಲೆ ಇಷ್ಟೆಲ್ಲ ನಿಂತಿರುವಾಗ, ಆ ಮನಸ್ಸನ್ನು ನೋಡಲು ಇರುವ ಕಿಟಕಿ ಯಾವುದು? ಸತ್ಯಂ ಪ್ರಕರಣದಲ್ಲಿ ಇದಕ್ಕೆ ಉತ್ತರವಿದೆ.

2009ರ ಜನವರಿ 7ರಂದು ಹೈದರಾಬಾದಿನಲ್ಲಿ ಆ ಕಂಪನಿಯ ಅಧ್ಯಕ್ಷ ರಾಮಲಿಂಗ ರಾಜು ಬರೆದ ಪತ್ರದ ಪ್ರಕಾರ, ಲೆಕ್ಕದಲ್ಲಿ ತೋರಿಸಿದ್ದ 5,361 ಕೋಟಿ ರೂಪಾಯಿ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ಇರಲೇ ಇಲ್ಲ. ಬ್ಯಾಂಕಿನಲ್ಲಿರುವ ಹಣವನ್ನು ಪರೀಕ್ಷಿಸುವುದು ಆಡಿಟಿನ ಅತಿ ಸರಳ ಕೆಲಸ. ಬ್ಯಾಂಕಿಗೆ ಪತ್ರ ಬರೆದು ಶಿಲ್ಕು ಎಷ್ಟಿದೆ ಎಂದು ಕೇಳಬೇಕು. ಒಂದೇ ನಿಯಮ: ಪತ್ರವನ್ನು ಆಡಿಟರೇ ಅಂಚೆಗೆ ಹಾಕಬೇಕು, ಉತ್ತರ ನೇರವಾಗಿ ಆಡಿಟರಿನ ಕೈಗೇ ಬರಬೇಕು. ಸತ್ಯಂನ ಆಡಿಟ್ ಮಾಡುತ್ತಿದ್ದ ಪ್ರೈಸ್ ವಾಟರ್‌ಹೌಸಿನ ಭಾರತೀಯ ಸಂಸ್ಥೆಗಳ ವಿರುದ್ಧ 2011ರಲ್ಲಿ ಬಂದ ಅಮೆರಿಕದ ಷೇರು ನಿಯಂತ್ರಣ ಆಯೋಗದ ಆದೇಶ ಹೇಳಿದ್ದು, ಅವರು ಈ ಪತ್ರಗಳ ರವಾನೆ, ಸ್ವೀಕೃತಿ ಎರಡನ್ನೂ ಕಂಪನಿಗೇ ಬಿಟ್ಟುಕೊಟ್ಟಿದ್ದರು ಎಂದು. ಬ್ಯಾಂಕುಗಳಿಂದ ನೇರವಾಗಿ ಬಂದ ಕೆಲವು ಉತ್ತರಗಳಲ್ಲಿ ಶಿಲ್ಕು ಬಹಳ ಕಡಿಮೆ ಇತ್ತೆಂಬುದೂ ತನಿಖೆಗಳಲ್ಲಿ ಹೊರಬಿತ್ತು. ಅಂದರೆ ಫೈಲಿನಲ್ಲಿ ಕಾಗದಗಳಿಗೆ ಬರವಿರಲಿಲ್ಲ. ಲೆಟರ್‌ಹೆಡ್ ಇತ್ತು, ಸೀಲು ಇತ್ತು, ಸಹಿ ಇತ್ತು. ಇಲ್ಲದಿದ್ದದ್ದು ಈ ಕಾಗದ ಯಾರ ಕೈಯಿಂದ ಬಂತು ಎಂಬ ಪ್ರಶ್ನೆ.

ಆಮೇಲೆ ಆ ಒಂದೇ ಫೈಲನ್ನು ಬೇರೆ ಬೇರೆ ಪೀಠಗಳು ಬೇರೆ ಬೇರೆಯಾಗಿ ಓದಿದವು. 2015ರಲ್ಲಿ ವಿಶೇಷ ನ್ಯಾಯಾಲಯ ಅದನ್ನು ಅಪರಾಧವೆಂದು ಓದಿ, ರಾಜು ಜೊತೆಗೆ ಇಬ್ಬರು ಆಡಿಟರುಗಳಿಗೂ ಏಳು ವರ್ಷದ ಶಿಕ್ಷೆ ವಿಧಿಸಿತು. ಮೇಲ್ಮನವಿಯಲ್ಲಿ ಶಿಕ್ಷೆ ಅಮಾನತಾಯಿತು. 2018ರಲ್ಲಿ ಸೆಬಿ ಆ ಸಂಸ್ಥೆಗಳ ಜಾಲಕ್ಕೆ ಎರಡು ವರ್ಷ ನಿಷೇಧ ಹಾಕಿತು. 2019ರಲ್ಲಿ ಸೆಬಿಯ ಮೇಲಿನ ನ್ಯಾಯಮಂಡಳಿ ಆ ನಿಷೇಧವನ್ನು ರದ್ದುಮಾಡಿತು. ಶಾಮೀಲಾಗಿದ್ದು ರುಜುವಾತಾಗದೆ ಬರಿಯ ನಿರ್ಲಕ್ಷ್ಯವನ್ನು ವಂಚನೆ ಎನ್ನಲಾಗದು, ಆಡಿಟಿನ ಗುಣಮಟ್ಟ ನೋಡುವುದು ಆಡಿಟರುಗಳ ಸಂಸ್ಥೆಯ ಕೆಲಸ ಎಂಬುದು ಅದರ ನಿಲುವು. ಕಾಗದ ಅದೇ. ಒಬ್ಬರಿಗೆ ಅದರಲ್ಲಿ ಕಂಡದ್ದು ದುರುದ್ದೇಶ, ಇನ್ನೊಬ್ಬರಿಗೆ ಕಂಡದ್ದು ಉಡಾಫೆ. ಆ ಕಾಗದವನ್ನು ಪಡೆದ ದಿನ ಆಡಿಟರು ಏನು ಯೋಚಿಸಿದರು ಎಂಬುದನ್ನು ಅಲ್ಲಿಯೇ ಬರೆದಿಟ್ಟಿದ್ದರೆ ಊಹೆಗೆ ಇಷ್ಟು ಎಡೆ ಇರುತ್ತಿರಲಿಲ್ಲ.

ದಾಖಲೆ ಎಂದರೆ ನಾನು ಅರ್ಥಮಾಡಿಕೊಳ್ಳುವುದು ಇದನ್ನು. ಕೆಲಸ ಮಾಡಿದ್ದಕ್ಕೆ ಪುರಾವೆ ಎನ್ನುವುದು ಅದರ ಅರ್ಧ ಮಾತ್ರ. ಅನುಮಾನ ಬಂದು, ಅದು ಯಾವ ಕಾರಣಕ್ಕೆ ತೀರಿತು ಅಥವಾ ತೀರಲಿಲ್ಲ ಎಂಬುದರ ಬರಹ ಇನ್ನರ್ಧ. ಸಣ್ಣದೊಂದು ಕಲ್ಪಿತ ಪ್ರಕರಣ ತೆಗೆದುಕೊಳ್ಳೋಣ.

ಶಿವಮೊಗ್ಗದ ಕಡೆಯ ಒಂದು ಅಡಿಕೆ ವ್ಯಾಪಾರದ ಪ್ರೈವೇಟ್ ಲಿಮಿಟೆಡ್ ಕಂಪನಿ. 2022ರ ಮಾರ್ಚ್ 31ಕ್ಕೆ ಲೆಕ್ಕದ ಪ್ರಕಾರ 1,200 ಕ್ವಿಂಟಲ್ ರಾಶಿ ಅಡಿಕೆ, ಕ್ವಿಂಟಲಿಗೆ 45,000 ರೂಪಾಯಿಯಂತೆ 5.4 ಕೋಟಿ. ಆಡಿಟ್ ಹುಡುಗರು ದಾಸ್ತಾನು ಎಣಿಸಲು ಹೋದದ್ದು ಏಪ್ರಿಲ್ 12ಕ್ಕೆ. ನಡುವಿನ ದಿನಗಳಲ್ಲಿ 150 ಕ್ವಿಂಟಲ್ ಮಾರಾಟ, 70 ಕ್ವಿಂಟಲ್ ಖರೀದಿ; ಹಾಗಾಗಿ ಆ ದಿನ ಇರಬೇಕಾದದ್ದು 1,120 ಕ್ವಿಂಟಲ್, ಎಪ್ಪತ್ತು ಕೆ.ಜಿ. ಚೀಲದ ಲೆಕ್ಕದಲ್ಲಿ 1,600 ಚೀಲ. ಕಂಪನಿಯ ಮಂಡಿಯಲ್ಲಿ ಸಾವಿರ ಚೀಲ ಸಿಕ್ಕವು. ಉಳಿದ 600 ಭದ್ರಾವತಿಯಲ್ಲಿ ಬೇರೆಯವರ ಗೋದಾಮಿನಲ್ಲಿವೆ, ಬೀಗದ ಕೈ ಇಟ್ಟುಕೊಂಡವನು ಮದುವೆಗೆ ಹೋಗಿದ್ದಾನೆ, ಬೇಕಾದರೆ ನಾವೇ ಸರ್ಟಿಫಿಕೇಟು ಕೊಡುತ್ತೇವೆ ಎಂದರು ಮಾಲೀಕರು. ಆ 600 ಚೀಲದ ಬೆಲೆ 1.89 ಕೋಟಿ. ಈ ಆಡಿಟಿನ ಫೀಸು 60,000.

ಒಂದು ಫೈಲಿನಲ್ಲಿ ಹೀಗಿದೆ: ದಾಸ್ತಾನು ಪರಿಶೀಲಿಸಲಾಯಿತು, ಸರಿಯಿದೆ. ಪಕ್ಕದಲ್ಲಿ ಟಿಕ್ಕು, ಕೆಳಗೆ ಮಾಲೀಕರ ಸರ್ಟಿಫಿಕೇಟು.

ಇನ್ನೊಂದು ಫೈಲಿನಲ್ಲಿ ಯಾರು ಹೋದರು, ಎಷ್ಟು ಹೊತ್ತಿಗೆ ಹೋದರು, ಯಾವ ಅಟ್ಟಿಯಿಂದ ಎಷ್ಟು ಚೀಲ ಇಳಿಸಿ ಬಿಚ್ಚಿ ತೂಗಿದರು, ಒಳಗಿನ ಸಾಲುಗಳನ್ನು ನೋಡಿದರೇ ಎಂಬುದೆಲ್ಲ ಇದೆ. ಭದ್ರಾವತಿಯ ಗೋದಾಮು ಅಂದು ತೆರೆಯಲಿಲ್ಲವೆಂದೂ ಇದೆ. ನಂತರ ಗೋದಾಮಿನ ಯಜಮಾನರಿಗೆ ಆಡಿಟರು ನೇರವಾಗಿ ಬರೆದ ಪತ್ರ, ಬಾಡಿಗೆ ರಶೀದಿಗಳು ಮತ್ತು ಅಲ್ಲಿಗೆ ಮಾಲು ಸಾಗಿಸಿದ ಲಾರಿ ಬಿಲ್ಲುಗಳನ್ನು ಕೇಳಿದ ಟಿಪ್ಪಣಿ. ಕಂಪನಿಯ ಬೆಂಕಿ ವಿಮೆಯಲ್ಲಿ ಭದ್ರಾವತಿಯ ವಿಳಾಸವೇ ಇಲ್ಲವಲ್ಲ ಎಂದು ಹುಡುಗನೊಬ್ಬ ಪೆನ್ಸಿಲ್‌ನಲ್ಲಿ ಬರೆದ ಪ್ರಶ್ನೆ, ಅದರ ಕೆಳಗೆ ಪಾರ್ಟ್ನರ್ ಬರೆದ ಉತ್ತರ, ತಾರೀಖು, ಇನಿಷಿಯಲ್ಲು. ಕೊನೆಗೆ ತೀರ್ಮಾನ: ಗೋದಾಮು ತೆರೆಸಿ ಎಣಿಸಲು ಬಿಟ್ಟರೆ ಸರಿ, ಇಲ್ಲದಿದ್ದರೆ 1.89 ಕೋಟಿಯ ಮಟ್ಟಿಗೆ ವರದಿಯಲ್ಲಿ ಷರತ್ತು ಹಾಕುವುದು.

ಎರಡನೆಯ ಫೈಲಿನ ಆಡಿಟರು ಮೋಸವನ್ನು ಹಿಡಿದೇ ಹಿಡಿಯುತ್ತಾರೆಂದಲ್ಲ. ಗೋದಾಮಿನವನೂ ಶಾಮೀಲಾಗಿದ್ದು, ಚೀಲಗಳಲ್ಲಿ ಸಿಪ್ಪೆ ತುಂಬಿಸಿಟ್ಟಿದ್ದರೆ ಅವರೂ ಮೋಸ ಹೋಗಬಹುದು. ಆದರೆ ಆಗ ಅವರು ನಿಲ್ಲುವ ಜಾಗ ಬೇರೆ. ಆಡಿಟರ್ ನಷ್ಟವೇ ಆಗದಂತೆ ಖಾತರಿ ಕೊಡುವವನಲ್ಲ ಎಂದು 1895ರಷ್ಟು ಹಿಂದೆಯೇ ನ್ಯಾಯಾಲಯಗಳು ಒಪ್ಪಿವೆ. ಆ ರಿಯಾಯಿತಿ ಸಿಗುವುದು ಎಚ್ಚರದಿಂದ ಕೆಲಸ ಮಾಡಿದವನಿಗೆ.

ಬರೆಯುವುದರಷ್ಟೇ ಮುಖ್ಯ ಯಾವಾಗ ಬರೆದದ್ದು ಎನ್ನುವುದು. ವರದಿಗೆ ಸಹಿ ಬಿದ್ದ ಮೇಲೆ ಸಾಮಾನ್ಯವಾಗಿ 60 ದಿನದೊಳಗೆ ಫೈಲು ಜೋಡಿಸಿ ಮುಗಿಸಬೇಕು, ಕಡೇಪಕ್ಷ ಏಳು ವರ್ಷ ಕಾಪಾಡಬೇಕು. ಜೋಡಿಸಿ ಮುಗಿದ ಫೈಲಿನಿಂದ ಒಂದು ಹಾಳೆಯನ್ನೂ ತೆಗೆಯುವಂತಿಲ್ಲ. ಸೇರಿಸಬೇಕಾಗಿ ಬಂದರೆ ಯಾರು, ಯಾವಾಗ, ಯಾಕೆ ಸೇರಿಸಿದರು ಎಂದು ಬರೆಯಬೇಕು. ಆ ಕೆಲಸಕ್ಕೆ ಸಂಬಂಧವೇ ಇರದ ಒಬ್ಬ ಅನುಭವಿ ಆಡಿಟರ್ ಫೈಲನ್ನಷ್ಟೇ ಓದಿ ಏನು ಮಾಡಿದರು, ಏನು ಸಿಕ್ಕಿತು, ಏನು ತೀರ್ಮಾನಿಸಿದರು ಎಂದು ತಿಳಿದುಕೊಳ್ಳುವಂತಿರಬೇಕು ಎಂಬುದು 230ನೇ ಮಾನದಂಡದ ಅಳತೆ. ಬಾಯಿಮಾತಿನ ವಿವರಣೆ ಬರೆದದ್ದನ್ನು ಬಿಡಿಸಿ ಹೇಳಬಹುದೇ ಹೊರತು ಬರೆಯದೇ ಇದ್ದದ್ದರ ಜಾಗ ತುಂಬಲಾರದು. ಎನ್‌ಎಫ್‌ಆರ್‌ಎ ಆದೇಶಗಳನ್ನು ಓದಿದವರಿಗೆ ಗೊತ್ತು, ನಾವು ಅದನ್ನು ಚರ್ಚಿಸಿದ್ದೆವು, ಬರೆದಿಡಲಿಲ್ಲ ಅಷ್ಟೆ ಎಂಬ ಉತ್ತರ ಅಲ್ಲಿ ಎಷ್ಟು ಸಲ ಬಿದ್ದುಹೋಗಿದೆ ಎಂದು. ಗಾಬರಿಯಲ್ಲಿ ಫೈಲು ತಿದ್ದುವವರೂ ಇದ್ದಾರೆ. ಎನ್ರಾನ್ ಕಂಪನಿಯ ಆಡಿಟರಾಗಿದ್ದ ಆರ್ಥರ್ ಆಂಡರ್ಸನ್ ಸಂಸ್ಥೆ ಕಾಗದಗಳನ್ನು ಚೂರು ಮಾಡಿದ ಆರೋಪದ ಮೇಲೆ 2002ರಲ್ಲಿ ಶಿಕ್ಷೆಗೊಳಗಾಯಿತು; 2005ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಆ ತೀರ್ಪನ್ನು ತಳ್ಳಿಹಾಕುವ ಹೊತ್ತಿಗೆ ಸಂಸ್ಥೆ ಹೆಸರಿಗಷ್ಟೇ ಉಳಿದಿತ್ತು.

ಇನ್ನು ವಿಮೆ. ಪ್ರೊಫೆಷನಲ್ ಇಂಡೆಮ್ನಿಟಿ ಪಾಲಿಸಿಯನ್ನು ನಮ್ಮಲ್ಲಿ ಬಹಳ ಮಂದಿ ಕಾರಿನ ಇನ್ಶೂರೆನ್ಸಿನ ಹಾಗೆ ಎಂದುಕೊಂಡಿದ್ದಾರೆ: ಕಂತು ಕಟ್ಟಿದೆ, ಅಪಘಾತವಾದರೆ ಅವರು ನೋಡಿಕೊಳ್ಳುತ್ತಾರೆ. ಕಾರಿನ ಪಾಲಿಸಿಯಲ್ಲಿ ಅಪಘಾತ ಆದ ದಿನ ಯಾವ ಪಾಲಿಸಿ ಚಾಲ್ತಿಯಲ್ಲಿತ್ತೋ ಅದು ಹೊಣೆ ಹೊರುತ್ತದೆ. ಇದು ಹಾಗಲ್ಲ. ತಪ್ಪು ನಡೆದ ವರ್ಷದ ಪಾಲಿಸಿ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ, ಕ್ಲೈಮು ಬಂದ ವರ್ಷದ ಪಾಲಿಸಿ ಬರುತ್ತದೆ. ಆಡಿಟಿನ ತಪ್ಪು ವರ್ಷಗಳ ಮೇಲೆ ಹೊರಬೀಳುವಂಥದ್ದು, ಅದಕ್ಕೇ ಈ ವ್ಯವಸ್ಥೆ. ಆದರೆ ಇದರೊಳಗೆ ಒಂದು ಬಿರುಕಿದೆ.

ಮೊದಲ ಫೈಲಿನ ಆಡಿಟರಿಗೆ ಏನಾಗುತ್ತದೆ ನೋಡಿ. 2022ರ ಸೆಪ್ಟೆಂಬರಿನಲ್ಲಿ ವರದಿಗೆ ಸಹಿ ಬಿತ್ತು. ಬ್ಯಾಂಕಿಗೆ ಕೊಡಲೆಂದೇ ದಾಸ್ತಾನಿನ ಸರ್ಟಿಫಿಕೇಟಿಗೂ ಸಹಿ ಹಾಕಿಕೊಟ್ಟರು. ಈ ಎರಡನೆಯ ಸಹಿ ದೊಡ್ಡದು. ಬರಿಯ ವರದಿಯನ್ನು ಯಾರೋ ಓದಿ ಸಾಲ ಕೊಟ್ಟರೆ ಆಡಿಟರ್ ಅವರಿಗೆಲ್ಲ ಹೊಣೆಯಲ್ಲ ಎಂದು ಇಂಗ್ಲೆಂಡಿನ ಕ್ಯಾಪಾರೊ ತೀರ್ಪು 1990ರಲ್ಲಿ ಗೆರೆ ಎಳೆಯಿತು. ಇಂಥವರು, ಇಂಥ ಕೆಲಸಕ್ಕೆ ಇದನ್ನು ನಂಬುತ್ತಾರೆ ಎಂದು ಗೊತ್ತಿದ್ದೇ ಕೊಟ್ಟಾಗ ಆ ಗೆರೆ ರಕ್ಷಣೆ ಕೊಡುವುದಿಲ್ಲ. 2024ರ ಫೆಬ್ರುವರಿಯಲ್ಲಿ ಬ್ಯಾಂಕಿನ ಅಧಿಕಾರಿಯಿಂದ ಒಂದು ಇಮೇಲ್: ಭದ್ರಾವತಿಯ ಗೋದಾಮು ಖಾಲಿ ಇದೆ, 2022ರಲ್ಲಿ ನೀವು ನೋಡಿದ್ದಿರಾ? ಆಡಿಟರಿಗೆ ಎದೆ ಧಸಕ್ಕೆಂದಿತು, ಆದರೂ ನೋಟಿಸೇನಲ್ಲವಲ್ಲ ಎಂದು ಸುಮ್ಮನಾದರು. ಏಪ್ರಿಲ್ 1ಕ್ಕೆ ಪಾಲಿಸಿ ನವೀಕರಣ. ಕ್ಲೈಮಿಗೆ ಕಾರಣವಾಗಬಹುದಾದ ಯಾವುದಾದರೂ ಸಂಗತಿ ನಿಮ್ಮ ಗಮನಕ್ಕೆ ಬಂದಿದೆಯೇ ಎಂಬ ಪ್ರಪೋಸಲ್ ಫಾರಂನ ಪ್ರಶ್ನೆಗೆ ಇಲ್ಲ ಎಂದು ಬರೆದರು. ಆಗಸ್ಟಿನಲ್ಲಿ ವಕೀಲರ ನೋಟಿಸು, 1.89 ಕೋಟಿಗೆ.

ಹೊಸ ಪಾಲಿಸಿಯವರು ಆ ಇಮೇಲನ್ನು ತೋರಿಸುತ್ತಾರೆ: ಇದು ನಿಮಗೆ ಮೊದಲೇ ಗೊತ್ತಿತ್ತು, ಮುಚ್ಚಿಟ್ಟಿರಿ. ಹಳೆಯ ಪಾಲಿಸಿ ಮಾರ್ಚ್ 31ಕ್ಕೆ ಮುಗಿದಿದೆ, ಅದರ ಅವಧಿಯಲ್ಲಿ ಕ್ಲೈಮೂ ಬರಲಿಲ್ಲ, ಸೂಚನೆಯೂ ಹೋಗಲಿಲ್ಲ. ತಪ್ಪದೆ ಕಂತು ಕಟ್ಟಿದವರು ಎರಡು ಪಾಲಿಸಿಗಳ ನಡುವಿನ ಸಂದಿಯಲ್ಲಿ ಬೀಳುವುದು ಹೀಗೆ. ಫೆಬ್ರುವರಿಯಲ್ಲೇ ವಿಮಾ ಕಂಪನಿಗೆ ಹೀಗೊಂದು ಸಂಗತಿ ಕಿವಿಗೆ ಬಿದ್ದಿದೆ ಎಂದು ಒಂದು ಪುಟ ಬರೆದಿದ್ದರೆ, ಸಾಮಾನ್ಯವಾಗಿ ಇಂಥ ಪಾಲಿಸಿಗಳಲ್ಲಿ ಆಗಸ್ಟಿನ ನೋಟಿಸನ್ನು ಹಳೆಯ ವರ್ಷದಲ್ಲೇ ಬಂದಂತೆ ಪರಿಗಣಿಸುತ್ತಾರೆ. ಆಗಲೂ ಪೂರ್ತಿ ಹಣ ಸಿಗುತ್ತಿತ್ತೆಂದಲ್ಲ. ಪಾಲಿಸಿಯ ಮಿತಿ ಒಂದು ಕೋಟಿಯಾಗಿದ್ದು, ವಕೀಲರ ಖರ್ಚೂ ಅದರೊಳಗೇ ಸೇರಿದ್ದು, ಮೊದಲ ಎರಡು ಲಕ್ಷ ಸಂಸ್ಥೆಯ ಕೈಯಿಂದಲೇ ಎಂದಿದ್ದರೆ, ಉಳಿದದ್ದು ಪಾರ್ಟ್ನರುಗಳ ಮನೆ, ತೋಟದ ಮೇಲೆ ಬರುತ್ತದೆ. ಬರಿಯ ಪಾಲುದಾರಿಕೆಯಲ್ಲಿ ಒಬ್ಬರು ಹಾಕಿದ ಸಹಿಗೆ ಎಲ್ಲರೂ ಬಾಧ್ಯರು.

ಪಾಲಿಸಿ ಯಾವುದನ್ನು ಮುಟ್ಟುವುದಿಲ್ಲ ಎಂಬ ಪಟ್ಟಿಯನ್ನೂ ಓದಬೇಕು. ದಂಡ, ಜುಲ್ಮಾನೆ ಹೊರಗೆ. ಎನ್‌ಎಫ್‌ಆರ್‌ಎ ಹಾಕುವ ಲಕ್ಷಗಳು ಸಾಮಾನ್ಯವಾಗಿ ಸ್ವಂತ ಜೇಬಿನಿಂದಲೇ. ಅಪ್ರಾಮಾಣಿಕತೆ, ವಂಚನೆ ಹೊರಗೆ. ವಿಮೆಗಾರರನ್ನು ಕೇಳದೆ ಬ್ಯಾಂಕಿನ ಮುಂದೆ ತಪ್ಪೊಪ್ಪಿಕೊಂಡು ರಾಜಿಗೆ ಹೋದರೆ ಅದೂ ಹೊರಗೆ. ಕಂತು ಕಡಿಮೆ ಎಂದು ಕಂಪನಿ ಬದಲಿಸಿದಾಗ, ಈ ತಾರೀಖಿನ ಹಿಂದಿನ ಕೆಲಸಕ್ಕೆ ರಕ್ಷಣೆ ಇಲ್ಲ ಎಂಬ ಸಾಲು ಹೊಸ ಪಾಲಿಸಿಯಲ್ಲಿ ನುಸುಳಿದ್ದರೆ, ಹಳೆಯ ವರ್ಷಗಳೆಲ್ಲ ಒಂದೇ ಏಟಿಗೆ ಬಯಲಿಗೆ ಬೀಳುತ್ತವೆ. ವೃತ್ತಿ ಬಿಟ್ಟ ಮೇಲೂ ಕೆಲವು ವರ್ಷ ಪಾಲಿಸಿ ಮುಂದುವರಿಸಬೇಕಾದದ್ದು ಇದೇ ಕಾರಣಕ್ಕೆ.

ಫೈಲು, ಪಾಲಿಸಿ ಎರಡನ್ನೂ ಹೀಗೆ ಬಿಡಿಸಿ ನೋಡಿದಾಗ ಅವು ಕೇಳುವುದು ಒಂದೇ ವಸ್ತುವನ್ನು ಅನ್ನಿಸುತ್ತದೆ. ಅನುಮಾನ ಬಂದ ದಿನವೇ ಅದನ್ನು ಹೊರಗೆ ಹೇಳಿದೆಯಾ ಎಂದು ಎರಡೂ ಕೇಳುತ್ತವೆ, ಒಂದು ಕಾಗದದ ಮುಂದೆ, ಇನ್ನೊಂದು ವಿಮೆಗಾರರ ಮುಂದೆ. ಸುಮ್ಮನಿದ್ದವನಿಗೆ ಎರಡೂ ಒದಗುವುದಿಲ್ಲ. ಅಷ್ಟೇ ಅಲ್ಲ, ನಿರ್ಲಕ್ಷ್ಯಕ್ಕೆ ಮಾತ್ರ ವಿಮೆ, ವಂಚನೆಗಿಲ್ಲ ಎಂದಮೇಲೆ, ಇದು ನಿರ್ಲಕ್ಷ್ಯವೇ ಎಂದು ತೋರಿಸಿಕೊಡಲು ವಿಮೆಗೂ ಆ ಫೈಲೇ ಬೇಕು. ಬರೆಯದ ಅನುಮಾನವನ್ನು ಎದುರು ಪಕ್ಷದವರು ತಮಗೆ ಬೇಕಾದ ಹಾಗೆ ಓದಬಹುದು. ಬರೆದು, ಬೆನ್ನುಹತ್ತಿ, ಉತ್ತರ ಪಡೆದ ಅನುಮಾನವನ್ನು ಶಾಮೀಲು ಎಂದು ಓದುವುದು ಕಷ್ಟ. ಬರೆದು ಬೆನ್ನುಹತ್ತದೇ ಬಿಟ್ಟರೆ ಅದು ಜೆರಾರ್ಡ್ ಪ್ರಕರಣದ ಆಡಿಟರುಗಳ ಗತಿ, ನಿಜ. ಅದಕ್ಕೆ ಪರಿಹಾರ ಬರೆಯದಿರುವುದಲ್ಲ, ಬೆನ್ನುಹತ್ತುವುದು. ಹಿರಿಯರ ಆ ಬುದ್ಧಿವಾದವನ್ನು ನಾನು ಒಪ್ಪದಿರುವುದು ಈ ಕಾರಣಕ್ಕೆ.

ಒಂದು ಮಾತು ಆಡಿಟರಲ್ಲದ ಓದುಗರಿಗೆ. ನೀವು ಯಾವುದೋ ಸೊಸೈಟಿಯ ನಿರ್ದೇಶಕರೋ ಸಣ್ಣ ಕಂಪನಿಯ ಪಾಲುದಾರರೋ ಆಗಿರಬಹುದು. ಆಡಿಟರ್ ಬಂದು ಬ್ಯಾಂಕಿಗೆ ಪತ್ರವನ್ನು ನಾನೇ ಕಳಿಸುತ್ತೇನೆ, ಬೀಗ ಹಾಕಿದ ಗೋದಾಮನ್ನೂ ತೆಗೆಸಿ ಎಂದರೆ, ಇಷ್ಟು ವರ್ಷದ ಪರಿಚಯ, ನಮ್ಮ ಮೇಲೆ ನಂಬಿಕೆ ಇಲ್ಲವೇ ಎಂದು ಮುಖ ಸಿಂಡರಿಸಬೇಡಿ. ಬೀಗ ತೆಗೆಸಿಕೊಡಿ.